ಹತ್ತು ಪದ, ಹತ್ತು ಪರೀಕ್ಷೆ: ಬಹುಹೋಲಿಕೆಯ ತಿದ್ದುಪಡಿ ಮತ್ತು ಅದರ ನಿರೂಪಣೆ

ಲೋಹಾರಾ, ಉಮರ್ಗಾ, ನಿಲಂಗಾ, ಉದ್ಗೀರ್ ಈ ನಾಲ್ಕು ತಾಲೂಕುಗಳು ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಸಹಜವಾದ ಕ್ಷೇತ್ರಕಾರ್ಯದ ನೆಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಿಲಂಗಾ ಮತ್ತು ಉದ್ಗೀರ್ ತಾಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು. ಇಂದು ಅವು ಮಹಾರಾಷ್ಟ್ರದ ಲಾತೂರ್ ಜಿಲ್ಲೆಗೆ ಸೇರಿವೆ. ಲೋಹಾರಾ ಮತ್ತು ಉಮರ್ಗಾ ಹಿಂದೆ ಉಸ್ಮಾನಾಬಾದ್ ಎನಿಸಿಕೊಂಡಿದ್ದ ಧಾರಾಶಿವ್ ಜಿಲ್ಲೆಯಲ್ಲಿವೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಎನ್ನುವ ಬದುಕು ಇಲ್ಲಿ ಹಲವು ತಲೆಮಾರುಗಳಿಂದ ನಡೆದು ಬಂದಿದೆ. ಆದ್ದರಿಂದ ಕಿರುಪ್ರಬಂಧಕ್ಕೆ ವಿಷಯವನ್ನು ಹುಡುಕುವ ವಿದ್ಯಾರ್ಥಿಯ ಮನಸ್ಸಿಗೆ ಮೊದಲು ಬರುವ ಪ್ರಶ್ನೆ ಇದು: ಹಿರಿಯರು ಬಳಸುವ ಕನ್ನಡ ಪದಗಳನ್ನು ಕಿರಿಯರು ಬಿಟ್ಟುಕೊಡುತ್ತಿದ್ದಾರೆಯೆ? ಬಿಡುತ್ತಿದ್ದರೆ ಯಾವ ಪದಗಳನ್ನು?

ಇಂಥ ಅಧ್ಯಯನಕ್ಕೆ ನಮ್ಮ ಗಡಿಯಲ್ಲಿಯೇ ಒಂದು ಪ್ರಸಿದ್ಧ ಪೂರ್ವನಿದರ್ಶನವಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಸಾಂಗ್ಲಿ ಜಿಲ್ಲೆಯ ಕುಪವಾಡ ಗ್ರಾಮದ ಕನ್ನಡ, ಮರಾಠಿ ಮತ್ತು ಉರ್ದು ಮಾತುಗಳನ್ನು ಹೋಲಿಸಿ 1971ರಲ್ಲಿ ಪ್ರಕಟಿಸಿದ ಲೇಖನ ಭಾಷಾಸಂಪರ್ಕದ ಅಧ್ಯಯನದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಆ ಊರಿನ ಭಾಷೆಗಳು ತಮ್ಮ ತಮ್ಮ ಪದಗಳನ್ನು ಬಹುಮಟ್ಟಿಗೆ ಉಳಿಸಿಕೊಂಡೇ ವಾಕ್ಯರಚನೆಯಲ್ಲಿ ಒಂದನ್ನೊಂದು ಸಮೀಪಿಸಿವೆ ಎಂಬುದನ್ನು ಅವರು ಒಂದೊಂದು ವ್ಯಾಕರಣಾಂಶವನ್ನು ಎತ್ತಿಕೊಂಡು ತೋರಿಸಿದರು. ಅದು ಮುಖ್ಯವಾಗಿ ವರ್ಣನೆಯ ಮಾರ್ಗ. ನಮ್ಮ ವಿದ್ಯಾರ್ಥಿಗಳು ಇಂದು ಎಣಿಕೆಯ ಮಾರ್ಗವನ್ನೂ ಹಿಡಿಯುತ್ತಿದ್ದಾರೆ. ಪ್ರಶ್ನಾವಳಿ ಸಿದ್ಧಪಡಿಸುತ್ತಾರೆ, ನೂರಾರು ಜನರನ್ನು ಮಾತನಾಡಿಸುತ್ತಾರೆ, ಗಣಕದಲ್ಲಿ ಅಂಕಿಗಳನ್ನು ಹಾಕಿ ‘ಪಿ-ಮೌಲ್ಯ’ ತೆಗೆಯುತ್ತಾರೆ. ಒಂದು ಅಂಶವನ್ನು ಬಿಟ್ಟು ಹಲವು ಅಂಶಗಳನ್ನು ಒಟ್ಟಿಗೆ ಹೋಲಿಸಿದಾಗ ಈ ಮಾರ್ಗದಲ್ಲಿ ಒಂದು ಗುಂಡಿಯಿದೆ. ಆ ಗುಂಡಿ ಯಾವುದು, ಅದನ್ನು ದಾಟುವುದು ಹೇಗೆ, ದಾಟಿದ್ದನ್ನು ಪ್ರಬಂಧದ ವಿಧಾನ ಮತ್ತು ಫಲಿತಾಂಶ ಎಂಬ ಎರಡೂ ಅಧ್ಯಾಯಗಳಲ್ಲಿ ಬರೆಯುವುದು ಹೇಗೆ ಎಂಬುದು ಈ ಲೇಖನದ ವಿಷಯ.

ನಾಣ್ಯದ ದೃಷ್ಟಾಂತ

ಒಬ್ಬ ವಿದ್ಯಾರ್ಥಿ ಒಂದು ನಾಣ್ಯವನ್ನು ಐದು ಸಲ ಚಿಮ್ಮಿದನೆನ್ನೋಣ. ಐದೂ ಸಲ ತಲೆಯೇ ಬಿದ್ದರೆ ‘ಈ ನಾಣ್ಯದಲ್ಲಿ ಏನೋ ಇದೆ’ ಎಂದು ನಾವು ಸಂದೇಹಪಡುತ್ತೇವೆ. ಸರಿಯಾದ ನಾಣ್ಯದಲ್ಲಿ ಹೀಗಾಗುವ ಸಂಭವ 32ರಲ್ಲಿ 1, ಎಂದರೆ ನೂರಕ್ಕೆ ಸುಮಾರು 3. ಈಗ ತರಗತಿಯ ಹತ್ತು ಮಂದಿ ಒಬ್ಬೊಬ್ಬರೂ ಒಂದೊಂದು ನಾಣ್ಯವನ್ನು ಐದೈದು ಸಲ ಚಿಮ್ಮಿದರೆಂದುಕೊಳ್ಳಿ. ಅವರಲ್ಲಿ ಒಬ್ಬರಿಗಾದರೂ ಐದೂ ತಲೆ ಬೀಳುವ ಸಂಭವ ನೂರಕ್ಕೆ ಸುಮಾರು 27ಕ್ಕೆ ಏರುತ್ತದೆ. ನಾಣ್ಯಗಳೆಲ್ಲ ಸರಿಯಾಗಿಯೇ ಇವೆ. ನಾವು ನೋಡಿದ ಸಲಗಳು ಮಾತ್ರ ಹೆಚ್ಚಾಗಿವೆ. ಆ ಒಬ್ಬರನ್ನು ಮುಂದೆ ನಿಲ್ಲಿಸಿ, ಉಳಿದ ಒಂಬತ್ತು ಮಂದಿಯ ಮಾತೆತ್ತದೆ, ‘ಈ ನಾಣ್ಯ ಮೋಸದ್ದು’ ಎಂದು ಸಾರಿದರೆ ಅದು ತಪ್ಪು ತೀರ್ಮಾನ.

ಪಿ-ಮೌಲ್ಯದ ಕತೆಯೂ ಇದೇ. ಎರಡು ಗುಂಪುಗಳ ನಡುವೆ ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲದಿದ್ದರೆ, ನಮಗೆ ಸಿಕ್ಕಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಕೇವಲ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವವನ್ನು ಅದು ಹೇಳುತ್ತದೆ. ರೊನಾಲ್ಡ್ ಫಿಶರ್ 1925ರ ತಮ್ಮ ಗ್ರಂಥದಲ್ಲಿ ಬಳಸಿದ 0.05 ಎಂಬ ಗಡಿ ಅನಂತರ ರೂಢಿಯಾಯಿತು. ಪಿ-ಮೌಲ್ಯ ಅದಕ್ಕಿಂತ ಕಡಿಮೆಯಾದರೆ ವ್ಯತ್ಯಾಸವನ್ನು ‘ಸಾರ್ಥಕ’ ಎನ್ನುತ್ತೇವೆ. ಈ ಗಡಿಯ ಅರ್ಥವೇನೆಂದರೆ, ವ್ಯತ್ಯಾಸವೇ ಇಲ್ಲದ ಕಡೆ ಒಂದು ಪರೀಕ್ಷೆಯಲ್ಲಿ ಇದೆಯೆಂದು ಎಡವುವ ಸಂಭವ ನೂರಕ್ಕೆ 5. ಅಂಥ ಹತ್ತು ಪರೀಕ್ಷೆಗಳನ್ನು ನಡೆಸಿದರೆ, ಮತ್ತು ಅವು ಒಂದರಿಂದೊಂದು ಸ್ವತಂತ್ರವಾಗಿದ್ದರೆ, ಒಮ್ಮೆಯಾದರೂ ಎಡವುವ ಸಂಭವ ನೂರಕ್ಕೆ 40. ಇಪ್ಪತ್ತು ಪರೀಕ್ಷೆಗಳಾದರೆ ನೂರಕ್ಕೆ 64.

ಇದು ಕಾಗದದ ಮೇಲಿನ ಭಯವಲ್ಲ. ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತುಹೋದ ಒಂದು ಸಾಲ್ಮನ್ ಮೀನನ್ನು ಮಿದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಚಿತ್ರಗಳನ್ನು ‘ತೋರಿಸಿ’, ಆ ಚಿತ್ರಗಳಲ್ಲಿರುವವರ ಭಾವನೆ ಯಾವುದೆಂದು ‘ಕೇಳಿದರು’. ಮಿದುಳಿನ ಚಿತ್ರವನ್ನು ಸಾವಿರಾರು ಸಣ್ಣ ಘನಗಳಾಗಿ ಒಡೆದು ಪ್ರತಿಯೊಂದರಲ್ಲಿಯೂ ಒಂದು ಪರೀಕ್ಷೆ ನಡೆಸುವುದು ಆ ಕ್ಷೇತ್ರದ ಕ್ರಮ. ತಿದ್ದುಪಡಿ ಮಾಡದೆ ನೋಡಿದಾಗ ಸತ್ತ ಮೀನಿನ ಮಿದುಳಿನ ಕೆಲವು ಘನಗಳು ‘ಚುರುಕಾಗಿ’ ಕಂಡವು. ಬಹುಹೋಲಿಕೆಯ ತಿದ್ದುಪಡಿ ಮಾಡಿದಾಗ ಒಂದೂ ಉಳಿಯಲಿಲ್ಲ. ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಈ ಕೆಲಸಕ್ಕೆ 2012ರಲ್ಲಿ ಸಂದಿತು. ಮೀನು ಸತ್ತದ್ದು ಎಲ್ಲರಿಗೂ ಗೊತ್ತಿದ್ದುದರಿಂದ ಅಲ್ಲಿ ತಪ್ಪು ಬಯಲಾಯಿತು. ನಮ್ಮ ಪದಪಟ್ಟಿಯಲ್ಲಿ ಯಾವ ವ್ಯತ್ಯಾಸ ಸತ್ತದ್ದು, ಯಾವುದು ಬದುಕಿರುವುದು ಎಂದು ಮೊದಲೇ ಹೇಳುವವರು ಯಾರೂ ಇಲ್ಲ.

ಒಂದು ಮಾದರಿ ಲೆಕ್ಕ

ಈಗ ನಮ್ಮ ನೆಲದ ಮಾದರಿಯೊಂದನ್ನು ಬಿಡಿಸಿ ನೋಡೋಣ. ಕೆಳಗಿನ ಅಂಕಿಗಳು ಲೆಕ್ಕವನ್ನು ಕಲಿಸಲೆಂದು ಕಲ್ಪಿಸಿಕೊಂಡವು. ಯಾವ ಊರಿನ ಸಮೀಕ್ಷೆಯಿಂದಲೂ ಬಂದವಲ್ಲ. ಒಬ್ಬ ವಿದ್ಯಾರ್ಥಿನಿ ಈ ನಾಲ್ಕು ತಾಲೂಕುಗಳ ಕನ್ನಡ ಮನೆಮಾತಿನವರಲ್ಲಿ 55 ವರ್ಷ ದಾಟಿದ 60 ಮಂದಿಯನ್ನೂ 18ರಿಂದ 25 ವರ್ಷದ 60 ಮಂದಿಯನ್ನೂ ಮಾತನಾಡಿಸುತ್ತಾಳೆ. ಹತ್ತು ಚಿತ್ರಗಳನ್ನು ತೋರಿಸಿ ‘ಇದಕ್ಕ ನೀವು ಮನಿಯಾಗ ಏನಂತೀರಿ?’ ಎಂದು ಕೇಳುತ್ತಾಳೆ. ಉತ್ತರ ಹೊಲವೋ ಶೇತವೋ, ರೊಟ್ಟಿಯೋ ಭಾಕರಿಯೋ, ಸಾಲಿಯೋ ಶಾಳಾವೋ ಎಂದು ಗುರುತು ಹಾಕಿಕೊಳ್ಳುತ್ತಾಳೆ. ಕನ್ನಡ ಪದ ಹೇಳಿದವರ ಸಂಖ್ಯೆಯನ್ನು ಪದಪದಕ್ಕೂ ಹೋಲಿಸಿ ಕೈವರ್ಗ ಪರೀಕ್ಷೆ ಮಾಡುತ್ತಾಳೆ. ಕೋಷ್ಟಕ ಹೀಗಿರುತ್ತದೆ:

| ಕನ್ನಡ ಪದ / ಮರಾಠಿ ಪದ | ಹಿರಿಯರು (60ರಲ್ಲಿ) | ಕಿರಿಯರು (60ರಲ್ಲಿ) | ಮೂಲ ಪಿ | ತಿದ್ದಿದ ಪಿ (ಹೋಲ್ಮ್) |
|---|---|---|---|---|
| ಹೊಲ / ಶೇತ | 52 | 36 | 0.001 | 0.010 |
| ಸಂತಿ / ಬಾಜಾರ | 49 | 34 | 0.003 | 0.027 |
| ರೊಟ್ಟಿ / ಭಾಕರಿ | 48 | 34 | 0.006 | 0.048 |
| ಸಾಲಿ / ಶಾಳಾ | 46 | 33 | 0.012 | 0.084 |
| ಬೀಗರು / ಪಾವಣೆ | 45 | 33 | 0.022 | 0.132 |
| ಮಳಿ / ಪಾಊಸ | 43 | 32 | 0.038 | 0.190 |
| ಬಾಗಲ / ದಾರ | 51 | 44 | 0.12 | 0.48 |
| ಕುಡಗೋಲು / ವಿಳಾ | 49 | 44 | 0.27 | 0.81 |
| ಬಾವಿ / ವಿಹೀರ | 50 | 47 | 0.49 | 0.98 |
| ಉಪ್ಪು / ಮೀಠ | 50 | 49 | 0.81 | 0.98 |

ನಾಲ್ಕನೆಯ ಅಂಕಣವನ್ನು ಮಾತ್ರ ನೋಡಿ 0.05ರ ಗಡಿ ಹಾಕಿದರೆ ಮೊದಲ ಆರು ಪದಗಳು ಸಾರ್ಥಕ. ‘ಕಿರಿಯರ ಮಾತಿನಿಂದ ಆರು ಕನ್ನಡ ಪದಗಳು ಜಾರುತ್ತಿವೆ’ ಎಂದು ಬರೆಯಲು ಲೇಖನಿ ಆತುರಪಡುತ್ತದೆ. ಆದರೆ ನಾಣ್ಯದ ದೃಷ್ಟಾಂತವನ್ನು ನೆನೆದರೆ, ಹತ್ತು ಸಲ ನೋಡಿದವರಿಗೆ ಒಂದು ಸಲ ನೋಡಿದವರ ಗಡಿ ಸಲ್ಲದೆಂಬುದು ತಿಳಿಯುತ್ತದೆ.

ಮೊದಲ ಪರಿಹಾರ ಬಾನ್‌ಫೆರೋನಿ ತಿದ್ದುಪಡಿ. ಇಟಲಿಯ ಗಣಿತಜ್ಞ ಕಾರ್ಲೊ ಬಾನ್‌ಫೆರೋನಿ 1936ರಲ್ಲಿ ಪ್ರಕಟಿಸಿದ ಅಸಮತೆಗಳು ಇದರ ತಳಹದಿ. ಅದನ್ನು ಹೋಲಿಕೆಗಳ ಸಮಸ್ಯೆಗೆ ಅಳವಡಿಸಿ 1961ರಲ್ಲಿ ವಿವರಿಸಿದವರು ಆಲಿವ್ ಜೀನ್ ಡನ್. ವಿಧಾನ ಬಹಳ ಸರಳ. ಗಡಿಯನ್ನು ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸಬೇಕು. ಇಲ್ಲಿ 0.05ನ್ನು 10ರಿಂದ ಭಾಗಿಸಿದರೆ 0.005. ಅದಕ್ಕಿಂತ ಕಡಿಮೆ ಇರುವವು ಹೊಲ ಮತ್ತು ಸಂತಿ ಎರಡೇ. ಹೀಗೆ ಮಾಡಿದರೆ ಹತ್ತೂ ಪರೀಕ್ಷೆಗಳಲ್ಲಿ ಒಮ್ಮೆಯಾದರೂ ಎಡವುವ ಒಟ್ಟು ಸಂಭವ ನೂರಕ್ಕೆ 5ನ್ನು ಮೀರುವುದಿಲ್ಲ. ಇದರ ದೋಷವೆಂದರೆ ಬಿಗಿ ಹೆಚ್ಚು. ನಿಜವಾದ ವ್ಯತ್ಯಾಸಗಳೂ ಜರಡಿಯಲ್ಲಿ ಉಳಿದುಬಿಡಬಹುದು.

ಎರಡನೆಯದು ಸ್ವೀಡನ್ನಿನ ಸ್ಟುರೆ ಹೋಲ್ಮ್ 1979ರಲ್ಲಿ ಕೊಟ್ಟ ಮೆಟ್ಟಿಲು ಕ್ರಮ. ಪಿ-ಮೌಲ್ಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಬೇಕು. ಮೊದಲನೆಯದನ್ನು 0.05ನ್ನು 10ರಿಂದ ಭಾಗಿಸಿದ ಗಡಿಯೊಡನೆ ಹೋಲಿಸಬೇಕು. ಅದು ಗೆದ್ದರೆ ಎರಡನೆಯದನ್ನು 9ರಿಂದ ಭಾಗಿಸಿದ ಗಡಿಯೊಡನೆ, ಮೂರನೆಯದನ್ನು 8ರಿಂದ ಭಾಗಿಸಿದ ಗಡಿಯೊಡನೆ, ಹೀಗೆ ಇಳಿಯುತ್ತ ಹೋಗಬೇಕು. ಎಲ್ಲಿ ಒಂದು ಸೋಲುತ್ತದೆಯೋ ಅಲ್ಲಿಗೇ ನಿಲ್ಲಿಸಬೇಕು. ಅದನ್ನೂ ಅದರ ಮುಂದಿನ ಎಲ್ಲವನ್ನೂ ಸಾರ್ಥಕವಲ್ಲವೆಂದು ಎಣಿಸಬೇಕು. ನಮ್ಮ ಮಾದರಿಯಲ್ಲಿ ಮೂರನೆಯ ಮೆಟ್ಟಿಲಿನ ಗಡಿ 0.00625, ರೊಟ್ಟಿಯ 0.006 ಅದರೊಳಗೆ ಬರುತ್ತದೆ. ನಾಲ್ಕನೆಯ ಗಡಿ ಸುಮಾರು 0.007, ಸಾಲಿಯ 0.012 ಅದನ್ನು ಮೀರುತ್ತದೆ. ಆದ್ದರಿಂದ ಮೂರು ಪದಗಳು ಉಳಿಯುತ್ತವೆ. ಬಾನ್‌ಫೆರೋನಿ ಕೊಡುವ ರಕ್ಷಣೆಯನ್ನೇ ಕೊಟ್ಟು, ಅದಕ್ಕಿಂತ ಕಡಿಮೆ ಪದಗಳನ್ನೆಂದೂ ಉಳಿಸದ ಕ್ರಮ ಇದಾದುದರಿಂದ, ಎರಡರಲ್ಲಿ ಹೋಲ್ಮ್ ಕ್ರಮವನ್ನೇ ಆರಿಸಿಕೊಳ್ಳುವುದು ಲೇಸು.

ಮೂರನೆಯದು ಇಸ್ರೇಲಿನ ಯೋವ್ ಬೆಂಜಮಿನಿ ಮತ್ತು ಯೋಸೆಫ್ ಹಾಕ್‌ಬರ್ಗ್ 1995ರಲ್ಲಿ ಸೂಚಿಸಿದ ಕ್ರಮ. ಇದರ ಗುರಿಯೇ ಬೇರೆ. ಒಮ್ಮೆಯೂ ಎಡವಬಾರದೆಂದು ಇದು ಹಟ ಹಿಡಿಯುವುದಿಲ್ಲ. ಸಾರ್ಥಕವೆಂದು ಘೋಷಿಸಿದವುಗಳಲ್ಲಿ ಹುಸಿಯಾದವುಗಳ ಪಾಲು ಸರಾಸರಿಯಲ್ಲಿ ನೂರಕ್ಕೆ 5ರೊಳಗೆ ಇದ್ದರೆ ಸಾಕೆನ್ನುತ್ತದೆ. ಇಲ್ಲಿ ಗಡಿ ಮೆಟ್ಟಿಲು ಮೆಟ್ಟಿಲಿಗೆ 0.005, 0.010, 0.015 ಎಂದು ಏರುತ್ತದೆ. ತನ್ನ ಗಡಿಯೊಳಗೆ ಬರುವ ಕೊನೆಯ ಪದವನ್ನು ಹುಡುಕಿ, ಅದನ್ನೂ ಅದಕ್ಕಿಂತ ಮೊದಲಿನವುಗಳನ್ನೂ ಸಾರ್ಥಕವೆನ್ನಬೇಕು. ಐದನೆಯ ಗಡಿ 0.025, ಬೀಗರು ಪದದ 0.022 ಅದರೊಳಗೆ ಬರುತ್ತದೆ. ಆರನೆಯ ಗಡಿ 0.030, ಮಳಿಯ 0.038 ಅದನ್ನು ಮೀರುತ್ತದೆ, ಮುಂದಿನವೂ ತಮ್ಮ ತಮ್ಮ ಗಡಿಗಳನ್ನು ಮೀರುತ್ತವೆ. ಹೀಗಾಗಿ ಐದು ಪದಗಳು ಉಳಿಯುತ್ತವೆ.

ಅಂಕಿಗಳು ಒಂದೇ, ಆದರೆ ತಿದ್ದುಪಡಿಯಿಲ್ಲದೆ ಆರು, ಬಾನ್‌ಫೆರೋನಿಯಲ್ಲಿ ಎರಡು, ಹೋಲ್ಮ್ ಕ್ರಮದಲ್ಲಿ ಮೂರು, ಬೆಂಜಮಿನಿ-ಹಾಕ್‌ಬರ್ಗ್ ಕ್ರಮದಲ್ಲಿ ಐದು. ಯಾವ ಕ್ರಮವೆಂದು ಹೇಳದೆ ‘ಐದು ಪದಗಳು’ ಎಂದು ಬರೆದರೆ ಓದುಗನಿಗೆ ಆ ಐದರ ಬೆಲೆ ತಿಳಿಯದು. ಫಲಿತಾಂಶವನ್ನು ನೋಡಿದ ಮೇಲೆ ಹೆಚ್ಚು ಪದಗಳನ್ನು ಉಳಿಸುವ ಕ್ರಮವನ್ನು ಆರಿಸಿಕೊಂಡರೆ ತಿದ್ದುಪಡಿಯ ಉದ್ದೇಶವೇ ಕೆಡುತ್ತದೆ. ಆದ್ದರಿಂದ ಆಯ್ಕೆ ಮೊದಲೇ ಆಗಬೇಕು. ಒಂದೊಂದು ಪದದ ಬಗೆಗೂ ಗಟ್ಟಿ ತೀರ್ಮಾನ ಬೇಕಾದಾಗ ಹೋಲ್ಮ್. ನೂರಾರು ಪದಗಳನ್ನು ಜಾಲಾಡಿ ಮುಂದಿನ ಅಧ್ಯಯನಕ್ಕೆ ತಕ್ಕವನ್ನು ಆರಿಸುವಾಗ ಬೆಂಜಮಿನಿ-ಹಾಕ್‌ಬರ್ಗ್. ಇನ್ನೂ ಒಂದು ಭೇದವಿದೆ. ಒಬ್ಬನೇ ವಕ್ತೃ ಹತ್ತೂ ಪದಗಳಿಗೆ ಉತ್ತರಿಸುವುದರಿಂದ ನಮ್ಮ ಪರೀಕ್ಷೆಗಳು ಪರಸ್ಪರ ಸ್ವತಂತ್ರವಲ್ಲ. ಹೊಲ ಎನ್ನುವವನು ರೊಟ್ಟಿ ಎನ್ನುವುದೂ ಹೆಚ್ಚು. ಬಾನ್‌ಫೆರೋನಿ ಮತ್ತು ಹೋಲ್ಮ್ ಕ್ರಮಗಳು ಇಂಥ ಯಾವುದೇ ಸಂಬಂಧವಿದ್ದರೂ ನಿಲ್ಲುತ್ತವೆ. ಬೆಂಜಮಿನಿ-ಹಾಕ್‌ಬರ್ಗ್ ಕ್ರಮದ ಭರವಸೆ ಪರೀಕ್ಷೆಗಳು ಸ್ವತಂತ್ರವಾಗಿದ್ದಾಗ ಅಥವಾ ಒಂದೇ ದಿಕ್ಕಿನಲ್ಲಿ ಸಂಬಂಧ ಹೊಂದಿದ್ದಾಗ ಸಲ್ಲುತ್ತದೆ.

ಕೋಷ್ಟಕದ ಕೊನೆಯ ಅಂಕಣ ‘ತಿದ್ದಿದ ಪಿ’. ಗಡಿಯನ್ನು ಇಳಿಸುವ ಬದಲು ಪಿ-ಮೌಲ್ಯವನ್ನೇ ಏರಿಸಿ ಹಳೆಯ 0.05ರೊಡನೆ ಹೋಲಿಸುವ ರೀತಿಯಿದು. ಹೋಲ್ಮ್ ಕ್ರಮದಲ್ಲಿ ಮೊದಲ ಪಿ-ಮೌಲ್ಯವನ್ನು 10ರಿಂದ, ಎರಡನೆಯದನ್ನು 9ರಿಂದ, ಮೂರನೆಯದನ್ನು 8ರಿಂದ ಗುಣಿಸುತ್ತ ಹೋಗಬೇಕು. ಯಾವುದೇ ಮೌಲ್ಯ ತನ್ನ ಹಿಂದಿನದಕ್ಕಿಂತ ಕಡಿಮೆಯಾದರೆ ಹಿಂದಿನದನ್ನೇ ಬರೆಯಬೇಕು. ಉಪ್ಪಿನ ಮುಂದೆ 0.81ರ ಬದಲು 0.98 ಬಂದಿರುವುದು ಹೀಗೆ. ಆರ್ ಎಂಬ ಉಚಿತ ತಂತ್ರಾಂಶದಲ್ಲಿ ಇದು ಎರಡೇ ಸಾಲಿನ ಕೆಲಸ:

```r
p <- c(0.001, 0.003, 0.006, 0.012, 0.022, 0.038, 0.12, 0.27, 0.49, 0.81)
p.adjust(p, method = "holm")
```

`"holm"` ಇದ್ದಲ್ಲಿ `"bonferroni"` ಅಥವಾ `"BH"` ಎಂದು ಹಾಕಿದರೆ ಉಳಿದೆರಡು ಕ್ರಮಗಳ ಉತ್ತರ ಬರುತ್ತದೆ.

ಎಷ್ಟು ಪರೀಕ್ಷೆಗಳೆಂದು ಎಣಿಸುವುದು

ಭಾಗಾಕಾರ ಸುಲಭ, ಯಾವ ಸಂಖ್ಯೆಯಿಂದ ಭಾಗಿಸಬೇಕೆಂಬುದು ಕಷ್ಟ. ಒಂದೇ ಪ್ರಶ್ನೆಗೆ ಉತ್ತರವಾಗಿ ಒಟ್ಟಿಗೆ ನಿಲ್ಲುವ ಪರೀಕ್ಷೆಗಳ ಗುಂಪನ್ನು ‘ಪರೀಕ್ಷಾ ಕುಟುಂಬ’ ಎನ್ನುತ್ತಾರೆ. ‘ಕಿರಿಯರು ಯಾವ ಪದಗಳನ್ನು ಬಿಡುತ್ತಿದ್ದಾರೆ?’ ಎಂಬ ಪ್ರಶ್ನೆಗೆ ಹತ್ತು ಪದಗಳ ಹತ್ತು ಪರೀಕ್ಷೆಗಳು ಒಂದು ಕುಟುಂಬ. ಆದರೆ ವಿದ್ಯಾರ್ಥಿನಿ ಅದೇ ಅಂಕಿಗಳನ್ನು ಗಂಡು-ಹೆಣ್ಣು ಎಂದೂ ಒಮ್ಮೆ, ಕನ್ನಡ ಮಾಧ್ಯಮ-ಮರಾಠಿ ಮಾಧ್ಯಮ ಎಂದೂ ಒಮ್ಮೆ ವಿಂಗಡಿಸಿ ನೋಡಿ, ವಯಸ್ಸಿನ ವಿಂಗಡಣೆಯೇ ‘ಚೆನ್ನಾಗಿ ಬಂತು’ ಎಂದು ಅದೊಂದನ್ನೇ ಬರೆದರೆ, ಆಕೆ ನಡೆಸಿದ ಪರೀಕ್ಷೆಗಳು 10 ಅಲ್ಲ, 30. ನಾಲ್ಕು ತಾಲೂಕುಗಳನ್ನು ಎರಡೆರಡಾಗಿ ಹೋಲಿಸಿದರೆ ಒಂದೊಂದು ಪದಕ್ಕೂ ಆರು ಜೋಡಿ. ಹತ್ತು ಪದಗಳಿಗೆ 60 ಪರೀಕ್ಷೆ. ಬರೆಯದೆ ಬಿಟ್ಟ ಪರೀಕ್ಷೆಯೂ ಎಣಿಕೆಗೆ ಸೇರುತ್ತದೆ, ಏಕೆಂದರೆ ಅದೂ ಚಿಮ್ಮಿದ ನಾಣ್ಯವೇ. ಇದಕ್ಕೆ ಸುಲಭವಾದ ಶಿಸ್ತೊಂದಿದೆ: ಊರಿಗೆ ಹೊರಡುವ ಮುನ್ನ ಯಾವ ಹೋಲಿಕೆ ಮುಖ್ಯ, ಅದರಲ್ಲಿ ಎಷ್ಟು ಪರೀಕ್ಷೆ, ಯಾವ ತಿದ್ದುಪಡಿ ಎಂದು ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ ಮಾರ್ಗದರ್ಶಕರಿಗೆ ಕೊಡುವುದು. ಅನಂತರ ಹೊಳೆದ ಹೋಲಿಕೆಗಳನ್ನು ಮಾಡಬಾರದೆಂದಲ್ಲ. ಅವನ್ನು ‘ಅನ್ವೇಷಣಾತ್ಮಕ’ ಎಂದು ಬೇರೆ ಶೀರ್ಷಿಕೆಯಡಿಯಲ್ಲಿ ಇಡಬೇಕು.

ಕೆಲವೊಮ್ಮೆ ಹತ್ತು ಪರೀಕ್ಷೆಗಳ ಅಗತ್ಯವೇ ಇರುವುದಿಲ್ಲ. ‘ಒಟ್ಟಿನಲ್ಲಿ ಕಿರಿಯರ ಪದಬಳಕೆ ಬದಲಾಗಿದೆಯೆ?’ ಎಂಬುದಷ್ಟೇ ಪ್ರಶ್ನೆಯಾದರೆ, ಒಬ್ಬೊಬ್ಬರೂ ಹತ್ತರಲ್ಲಿ ಎಷ್ಟು ಕನ್ನಡ ಪದ ಹೇಳಿದರೆಂದು ಅಂಕ ಕೊಟ್ಟು, ಎರಡು ಗುಂಪುಗಳ ಅಂಕಗಳನ್ನು ಒಂದೇ ಸಲ ಹೋಲಿಸಿದರೆ ಸಾಕು. ಅಲ್ಲಿ ಬಹುಹೋಲಿಕೆಯ ಸಮಸ್ಯೆಯೇ ಏಳುವುದಿಲ್ಲ.

ವಿಧಾನದ ಅಧ್ಯಾಯದಲ್ಲಿ

ಅನೇಕ ಪ್ರಬಂಧಗಳಲ್ಲಿ ಇಷ್ಟೆಲ್ಲ ಲೆಕ್ಕಕ್ಕೆ ಸಿಗುವುದು ‘ಅಗತ್ಯ ತಿದ್ದುಪಡಿಗಳನ್ನು ಮಾಡಲಾಗಿದೆ’ ಎಂಬ ಒಂದು ವಾಕ್ಯ. ಈ ವಾಕ್ಯವನ್ನು ಓದಿ ಯಾರೂ ಆ ಲೆಕ್ಕವನ್ನು ಮತ್ತೊಮ್ಮೆ ಮಾಡಲಾರರು. ವಿಧಾನದ ಅಧ್ಯಾಯ ಓದುಗನಿಗೆ ನಾಲ್ಕು ಸಂಗತಿಗಳನ್ನು ತಿಳಿಸಬೇಕು: ಕುಟುಂಬದಲ್ಲಿ ಯಾವ ಯಾವ ಪರೀಕ್ಷೆಗಳಿವೆ ಮತ್ತು ಅವು ಎಷ್ಟು, ಅದನ್ನು ಯಾವಾಗ ನಿರ್ಧರಿಸಲಾಯಿತು, ಯಾವ ತಿದ್ದುಪಡಿ, ಯಾವ ಗಡಿ, ಯಾಕೆ, ಯಾವುದಕ್ಕೆ ತಿದ್ದುಪಡಿ ಮಾಡಿಲ್ಲ. ಮೇಲಿನ ಮಾದರಿಗೆ ಅದು ಹೀಗಿರಬಹುದು:

‘ಹಿರಿಯರ ಮತ್ತು ಕಿರಿಯರ ಕನ್ನಡ ಪದಬಳಕೆಯನ್ನು ಹತ್ತು ಪದಗಳಲ್ಲಿ ಒಂದೊಂದಾಗಿ ಹೋಲಿಸಲಾಯಿತು. ಪ್ರತಿ ಪದಕ್ಕೂ ಸಾತತ್ಯ ತಿದ್ದುಪಡಿಯಿಲ್ಲದ ಕೈವರ್ಗ ಪರೀಕ್ಷೆಯನ್ನು ಬಳಸಲಾಯಿತು. ಈ ಹತ್ತು ಪರೀಕ್ಷೆಗಳನ್ನು ಒಂದೇ ಕುಟುಂಬವೆಂದು ಪರಿಗಣಿಸುವುದನ್ನು ಮಾಹಿತಿ ಸಂಗ್ರಹಕ್ಕೆ ಮುನ್ನವೇ ನಿರ್ಧರಿಸಲಾಗಿತ್ತು. ಒಂದಾದರೂ ಹುಸಿ ತೀರ್ಮಾನ ಬರುವ ಒಟ್ಟು ಸಂಭವವನ್ನು 0.05ರೊಳಗೆ ಇಡಲು ಪಿ-ಮೌಲ್ಯಗಳನ್ನು ಹೋಲ್ಮ್ ಕ್ರಮದಿಂದ ತಿದ್ದಲಾಗಿದೆ. ತಿದ್ದಿದ ಪಿ-ಮೌಲ್ಯ 0.05ಕ್ಕಿಂತ ಕಡಿಮೆಯಾದಾಗ ಮಾತ್ರ ವ್ಯತ್ಯಾಸವನ್ನು ಸಾರ್ಥಕವೆನ್ನಲಾಗಿದೆ. ಒಬ್ಬನೇ ವಕ್ತೃ ಎಲ್ಲ ಪದಗಳಿಗೂ ಉತ್ತರಿಸಿರುವುದರಿಂದ, ಪರೀಕ್ಷೆಗಳು ಸ್ವತಂತ್ರವಾಗಿರಬೇಕೆಂದು ಬಯಸದ ಕ್ರಮವನ್ನು ಆರಿಸಿಕೊಳ್ಳಲಾಯಿತು. ಲಿಂಗ ಮತ್ತು ಶಿಕ್ಷಣ ಮಾಧ್ಯಮದ ಹೋಲಿಕೆಗಳು ಅನ್ವೇಷಣಾತ್ಮಕ. ಅವಕ್ಕೆ ತಿದ್ದುಪಡಿ ಮಾಡಿಲ್ಲ, ಅವುಗಳಿಂದ ತೀರ್ಮಾನವನ್ನೂ ತೆಗೆದಿಲ್ಲ. ವ್ಯತ್ಯಾಸಗಳ ವಿಶ್ವಾಸಾಂತರಗಳು ತಿದ್ದುಪಡಿಯಿಲ್ಲದ ಶೇಕಡ 95ರವು.’

ಫಲಿತಾಂಶದ ಅಧ್ಯಾಯದಲ್ಲಿ

ವಿಧಾನದಲ್ಲಿ ಕೊಟ್ಟ ಮಾತು ಫಲಿತಾಂಶದಲ್ಲಿ ನಡೆದಿರಬೇಕು. ಇಲ್ಲಿ ಕಾಣುವ ಮುಖ್ಯ ದೋಷ ಇದು: ವಿಧಾನದಲ್ಲಿ ಹೋಲ್ಮ್ ಎಂದಿರುತ್ತದೆ, ಫಲಿತಾಂಶದಲ್ಲಿ ಬರಿಯ ‘ಪಿ = 0.038, ಸಾರ್ಥಕ’ ಎಂದಿರುತ್ತದೆ. ಆ 0.038 ತಿದ್ದಿದ್ದೋ ಮೂಲದ್ದೋ ಓದುಗನಿಗೆ ತಿಳಿಯದು. ಆದ್ದರಿಂದ ಪಿ-ಮೌಲ್ಯ ಬಂದಲ್ಲೆಲ್ಲ ‘ಮೂಲ’ ಅಥವಾ ‘ತಿದ್ದಿದ’ ಎಂಬ ವಿಶೇಷಣ ಬೇಕು. ಕೋಷ್ಟಕದಲ್ಲಿ ಎರಡೂ ಇದ್ದರೆ ಉತ್ತಮ, ಏಕೆಂದರೆ ಮೂಲ ಮೌಲ್ಯವಿದ್ದರೆ ಮುಂದಿನವರು ತಮಗೆ ಬೇಕಾದ ಕ್ರಮದಿಂದ ತಾವೇ ತಿದ್ದಿ ನೋಡಬಹುದು. ಇನ್ನೊಂದು ದೋಷ ಎರಡು ಸಲ ತಿದ್ದುವುದು: ತಿದ್ದಿದ 0.010ನ್ನು ಇಳಿಸಿದ ಗಡಿಯಾದ 0.005ರೊಡನೆ ಹೋಲಿಸಿ ‘ಹೊಲವೂ ಸಾರ್ಥಕವಲ್ಲ’ ಎನ್ನುವುದು. ಪಿ-ಮೌಲ್ಯವನ್ನು ಏರಿಸಿದ್ದರೆ ಗಡಿ 0.05ರಲ್ಲೇ ಇರಬೇಕು, ಗಡಿಯನ್ನು ಇಳಿಸಿದ್ದರೆ ಪಿ-ಮೌಲ್ಯವನ್ನು ಮುಟ್ಟಬಾರದು.

ಫಲಿತಾಂಶದ ನಿರೂಪಣೆ ಹೀಗಿರಬಹುದು:

‘ಹೋಲಿಸಿದ ಹತ್ತು ಪದಗಳಲ್ಲಿ ಮೂರರ ವ್ಯತ್ಯಾಸ ಹೋಲ್ಮ್ ತಿದ್ದುಪಡಿಯ ಅನಂತರವೂ ಸಾರ್ಥಕವಾಗಿದೆ. ಹೊಲ ಎಂಬ ಪದವನ್ನು ಹಿರಿಯರಲ್ಲಿ 60ಕ್ಕೆ 52 ಮಂದಿ, ಕಿರಿಯರಲ್ಲಿ 60ಕ್ಕೆ 36 ಮಂದಿ ಬಳಸಿದರು. ವ್ಯತ್ಯಾಸ ಶೇಕಡ 27 ಅಂಶ, ವಿಶ್ವಾಸಾಂತರ 12ರಿಂದ 42, ಮೂಲ ಪಿ 0.001, ತಿದ್ದಿದ ಪಿ 0.010. ಸಂತಿ ಮತ್ತು ರೊಟ್ಟಿ ಪದಗಳ ತಿದ್ದಿದ ಪಿ-ಮೌಲ್ಯಗಳು ಕ್ರಮವಾಗಿ 0.027 ಮತ್ತು 0.048. ಸಾಲಿ, ಬೀಗರು ಮತ್ತು ಮಳಿ ಪದಗಳಲ್ಲಿಯೂ ಕಿರಿಯರ ಬಳಕೆ ಕಡಿಮೆ ಕಂಡಿದೆ. ಮೂಲ ಪಿ-ಮೌಲ್ಯಗಳು 0.05ಕ್ಕಿಂತ ಕಡಿಮೆಯಿದ್ದರೂ ತಿದ್ದಿದ ಮೌಲ್ಯಗಳು ಗಡಿಯನ್ನು ಮೀರಿವೆ. ಈ ಮೂರರ ಬಗೆಗೆ ಈ ಅಧ್ಯಯನ ತೀರ್ಮಾನ ಕೊಡಲಾರದು. ಹತ್ತೂ ಪದಗಳ ವಿವರ ಕೋಷ್ಟಕದಲ್ಲಿದೆ.’

ಈ ನಿರೂಪಣೆಯ ಮೂರು ಗುಣಗಳನ್ನು ಗಮನಿಸಬೇಕು. ಮೊದಲನೆಯದು, ‘ಹತ್ತರಲ್ಲಿ ಮೂರು’ ಎಂದು ಛೇದವನ್ನು ಹೇಳಿರುವುದು. ಬರಿಯ ‘ಮೂರು ಪದಗಳು’ ಎಂದರೆ ಉಳಿದ ಏಳು ನಾಣ್ಯಗಳು ಮರೆಯಾಗುತ್ತವೆ. ಎರಡನೆಯದು, ಪಿ-ಮೌಲ್ಯದ ಜೊತೆಗೆ ವ್ಯತ್ಯಾಸದ ಗಾತ್ರವನ್ನೂ ಕೊಟ್ಟಿರುವುದು. ತಿದ್ದುಪಡಿ ಪಿ-ಮೌಲ್ಯವನ್ನು ಬದಲಿಸುತ್ತದೆಯೇ ಹೊರತು 52 ಮತ್ತು 36ನ್ನು ಬದಲಿಸುವುದಿಲ್ಲ. ಮೂರನೆಯದು, ತಿದ್ದುಪಡಿಯಲ್ಲಿ ಬಿದ್ದುಹೋದ ಪದಗಳ ಬಗೆಗಿನ ಮಾತು. ‘ಸಾಲಿ ಪದದಲ್ಲಿ ವ್ಯತ್ಯಾಸವಿಲ್ಲ’ ಎಂದು ಅದು ಹೇಳುವುದಿಲ್ಲ. 46 ಮತ್ತು 33 ಒಂದೇ ಅಲ್ಲವಷ್ಟೆ. ವ್ಯತ್ಯಾಸವಿದೆಯೆಂದು ಸಾರಲು ಇಷ್ಟು ಸಾಕ್ಷ್ಯ ಸಾಲದು ಎಂಬುದಷ್ಟೇ ಅದರ ಅರ್ಥ. ‘ಸಾರ್ಥಕವಾಗುವುದರಲ್ಲಿತ್ತು’ ಎಂಬಂಥ ಮಾತಿನಿಂದ ಆ ಪದಗಳನ್ನು ಹಿಂಬಾಗಿಲಿನಿಂದ ಒಳಗೆ ಕರೆಯುವುದೂ ಸಲ್ಲದು. ಪ್ರಬಂಧದ ಸಾರಾಂಶದಲ್ಲಿಯೂ ಇದೇ ಮೂರು ಪದಗಳು ಇರಬೇಕು. ಒಳಗೆ ಮೂರು, ಸಾರಾಂಶದಲ್ಲಿ ಆರು ಆದರೆ ಸಾರಾಂಶವನ್ನಷ್ಟೇ ಓದುವವರಿಗೆ ತಪ್ಪು ಸುದ್ದಿ ಹೋಗುತ್ತದೆ.

ತಿದ್ದುಪಡಿಗೂ ಒಂದು ಎಲ್ಲೆಯಿದೆ. ಅದು ಆಕಸ್ಮಿಕದಿಂದ ಬರುವ ಹುಸಿಯನ್ನು ತಡೆಯುತ್ತದೆ. ವಕ್ತೃಗಳ ಆಯ್ಕೆಯಲ್ಲಿ ಆದ ತಪ್ಪನ್ನು ತಿದ್ದುವುದಿಲ್ಲ. ಹಿರಿಯರೆಲ್ಲ ಹಳ್ಳಿಯವರು, ಕಿರಿಯರೆಲ್ಲ ತಾಲೂಕು ಕೇಂದ್ರದ ಕಾಲೇಜಿನವರು ಆಗಿದ್ದರೆ, ಕಂಡದ್ದು ವಯಸ್ಸಿನ ವ್ಯತ್ಯಾಸವೋ ಊರಿನ ವ್ಯತ್ಯಾಸವೋ ಎಂಬುದನ್ನು ಹೋಲ್ಮ್ ಹೇಳಲಾರ.

ಗಡಿಯ ಕನ್ನಡದ ಬಗೆಗೆ ಬರೆದ ಒಂದು ವಾಕ್ಯ ಪ್ರಬಂಧದೊಳಗೇ ಉಳಿಯುವುದಿಲ್ಲ. ‘ಇಲ್ಲಿ ಕನ್ನಡ ಅಳಿಯುತ್ತಿದೆ’ ಎನ್ನುವವರೂ ‘ಇಲ್ಲಿ ಕನ್ನಡಕ್ಕೆ ಏನೂ ಆಗಿಲ್ಲ’ ಎನ್ನುವವರೂ ಅದನ್ನು ಎತ್ತಿ ಹಿಡಿಯುತ್ತಾರೆ. ನಮ್ಮ ಮಾದರಿಯ ವಿದ್ಯಾರ್ಥಿನಿ ಮಳಿ ಎಂಬ ಪದವನ್ನು ಕಿರಿಯರು ಬಿಡುತ್ತಿದ್ದಾರೆಂದು ಬರೆದು, ಮರುವರ್ಷ ಇನ್ನೊಬ್ಬರು ಅದೇ ಊರುಗಳಿಗೆ ಹೋಗಿ ಹಾಗೇನೂ ಇಲ್ಲವೆಂದು ಕಂಡರೆ, ಆಕೆ ಸರಿಯಾಗಿ ಹಿಡಿದಿದ್ದ ಹೊಲ, ಸಂತಿ, ರೊಟ್ಟಿಗಳ ಮಾತನ್ನೂ ಜನ ನಂಬುವುದಿಲ್ಲ.